ಇಂಟರ್ನ್‌ಶಿಪ್ ಮುಗಿಯೋ ಮುಂಚೆ ಕಾಯಂ ಕೆಲಸದ ಬಗ್ಗೆ ಮ್ಯಾನೇಜರಿಗೆ ಹೇಗೆ ಬರೆಯೋದು?

"ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲ್ಯಾಬಿನಲ್ಲಿ ಜನವರಿಯಿಂದ ಇಂಟರ್ನ್ ಆಗಿದ್ದೇನೆ. ಜೂನ್ ಕೊನೆಗೆ ಮುಗಿಯುತ್ತೆ. ಇಲ್ಲೇ ಕೆಲಸ ಸಿಕ್ಕರೆ ಚೆನ್ನಾಗಿತ್ತು. ಮ್ಯಾನೇಜರ್ ಸರ್‌ಗೆ ಮೆಸೇಜ್ ಮಾಡಿ ಕೇಳಬೇಕು ಅಂತಿದ್ದೀನಿ, ಏನಂತ ಬರೆಯಲಿ? ತಪ್ಪು ತಿಳ್ಕೋತಾರಾ?"

ತಪ್ಪು ತಿಳಿಯಲ್ಲ, ಧೈರ್ಯವಾಗಿ ಕೇಳಿ. ನಾನು ಇದೇ ಜಿಲ್ಲೆಯ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದ್ರೆ ತೋಟದಿಂದ ಬಂದ ಕಾಫಿಯ ಸಿಪ್ಪೆ ಬಿಡಿಸಿ ಗ್ರೇಡ್ ಮಾಡೋ ಕಾರ್ಖಾನೆಯಲ್ಲಿ, ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಪ್ರತಿ ವರ್ಷ ಮೇ, ಜೂನ್‌ನಲ್ಲಿ ಇಂಥ ಮೆಸೇಜ್ ಬರುತ್ತಿದ್ದವು. ಬಹಳಷ್ಟು ಮೆಸೇಜ್‌ಗಳು ಒಂದೇ ಥರ: "ಸರ್, ನನಗೆ ಇಲ್ಲಿ ತುಂಬಾ ಕಲಿಯೋಕೆ ಸಿಕ್ಕಿತು, ಒಂದು ಅವಕಾಶ ಕೊಡಿ, ಕಷ್ಟಪಟ್ಟು ಕೆಲಸ ಮಾಡ್ತೀನಿ." ಇದಕ್ಕೆ ನಾನು ಕೊಡಬಹುದಾಗಿದ್ದ ಉತ್ತರ ಒಂದೇ, "ನೋಡೋಣಪ್ಪಾ." ಯಾಕೆ ಅಂದ್ರೆ ಅದರಲ್ಲಿ ನನಗೆ ಬೇಕಾದ ಮಾಹಿತಿನೇ ಇರುತ್ತಿರಲಿಲ್ಲ.

ನೀವು ಒಳ್ಳೆಯ ಕೆಲಸಗಾರರೋ ಅಲ್ಲವೋ ಅನ್ನೋದು ನಿಮ್ಮ ಮ್ಯಾನೇಜರಿಗೆ ಈಗಾಗಲೇ ಗೊತ್ತು. ಐದು ತಿಂಗಳಿಂದ ಎದುರಿಗೇ ಇದ್ದೀರಲ್ಲ. ಅವರ ತಲೆಯಲ್ಲಿರುವ ಪ್ರಶ್ನೆ ಬೇರೆ: ಮಳೆಗಾಲದಲ್ಲಿ ಇವರಿಗೆ ಏನು ಕೆಲಸ ಕೊಡಲಿ?

ನೀವು ಸೇರಿದ್ದು ಸರಿಯಾಗಿ ಸೀಸನ್‌ನಲ್ಲಿ. ಮೊದಲು ಅರೇಬಿಕಾ ಪಾರ್ಚ್‌ಮೆಂಟ್, ಅಂದ್ರೆ ಹಣ್ಣಿನ ಸಿಪ್ಪೆ ತೆಗೆದು ಒಳಹೊಟ್ಟಿನ ಸಮೇತ ಒಣಗಿಸಿದ ಬೀಜ ಬರುತ್ತೆ, ಅದರ ಹಿಂದೆಯೇ ರೋಬಸ್ಟಾ ಚೆರ್ರಿ, ಅಂದ್ರೆ ಇಡೀ ಹಣ್ಣನ್ನೇ ಒಣಗಿಸಿದ್ದು. ಆಗ ಗೇಟಿನಲ್ಲಿ ಲಾರಿ ಸಾಲು, ಲ್ಯಾಬಿನ ಮೇಜಿನ ಮೇಲೆ ಸ್ಯಾಂಪಲ್ ರಾಶಿ. ಎಷ್ಟು ಕೈ ಇದ್ದರೂ ಸಾಲದು. ಮುಂಗಾರು ಹಿಡಿಯುವ ಹೊತ್ತಿಗೆ ಮಾಲು ಬರೋದು ಕಡಿಮೆಯಾಗುತ್ತೆ. ನಿಮ್ಮ ಇಂಟರ್ನ್‌ಶಿಪ್ ಮುಗಿಯೋದೂ ಆಗಲೇ. ಕಾಯಂ ನೌಕರ ಅಂದ್ರೆ ಮುಂದಿನ ಸೀಸನ್ ಶುರುವಾಗೋವರೆಗೂ ತಿಂಗಳು ತಿಂಗಳು ಸಂಬಳ ಕೊಡಬೇಕು. ನಮ್ಮ ಕಡೆ ಅನೇಕ ವರ್ಕ್ಸ್‌ಗಳು ಮನೆತನದ ವ್ಯವಹಾರ, ಕೊನೆಯ ಮಾತು ಮಾಲೀಕರದ್ದೇ. ಎಚ್‌ಆರ್ ಅಂತ ಬೋರ್ಡ್ ಇದ್ದರೂ ಒಳಗೆ ಕೂತಿರೋದು ಅಕೌಂಟೆಂಟ್! ನಿಮ್ಮ ಮ್ಯಾನೇಜರ್ ಮಾಲೀಕರ ಮುಂದೆ ಹೋಗಿ ನಿಮ್ಮ ಪರವಾಗಿ ಮಾತಾಡಬೇಕು. ಹಾಗಾಗಿ ಆ ಮಾಲೀಕರಿಗೆ ತೋರಿಸಬಹುದಾದಂಥ ಮೆಸೇಜ್ ಬರೆಯಿರಿ.

ಒಂದು ಉದಾಹರಣೆ ಹೇಳ್ತೀನಿ. ನಮ್ಮಲ್ಲಿ ಒಬ್ಬ ಹುಡುಗಿ ಇಂಟರ್ನ್ ಆಗಿದ್ದಳು. ಗೇಟಿನಲ್ಲಿ ಒಂದು ತೇವಾಂಶದ ಮೀಟರ್, ಲ್ಯಾಬಿನಲ್ಲಿ ಇನ್ನೊಂದು. ಎರಡೂ ಒಂದೇ ಸ್ಯಾಂಪಲ್‌ಗೆ ಬೇರೆ ಬೇರೆ ತೋರಿಸುತ್ತಿದ್ದವು, ಸುಮಾರು ಅರ್ಧ ಪರ್ಸೆಂಟ್ ವ್ಯತ್ಯಾಸ. ಅರ್ಧ ಪರ್ಸೆಂಟ್ ಅಂದ್ರೆ ಏನು ಮಹಾ ಅನ್ನಿಸಬಹುದು. ಆದರೆ 50 ಕೆಜಿ ಚೀಲಕ್ಕೆ ಅದು ಕಾಲು ಕೆಜಿ. 200 ಚೀಲದ ಲಾರಿಗೆ 50 ಕೆಜಿ, ಅಂದ್ರೆ ಒಂದಿಡೀ ಚೀಲ. ಗೇಟಿನಲ್ಲಿ ಒಂದು ಲೆಕ್ಕ, ರಿಪೋರ್ಟಿನಲ್ಲಿ ಇನ್ನೊಂದು ಲೆಕ್ಕ ಬಂದರೆ ಬೆಳೆಗಾರರು ಸುಮ್ನೆ ಇರ್ತಾರಾ? ಆಕೆ ದಿನಾ ಬೆಳಿಗ್ಗೆ ಮೊದಲ ಲಾರಿ ಬರುವ ಮುಂಚೆ ಒಂದೇ ಸ್ಯಾಂಪಲನ್ನು ಎರಡೂ ಮೀಟರಿನಲ್ಲಿ ಹಾಕಿ, ಎರಡರ ಅಂಕಿಯನ್ನೂ ರಿಜಿಸ್ಟರಿನಲ್ಲಿ ಬರೆಯೋಕೆ ಶುರು ಮಾಡಿದಳು. ವ್ಯತ್ಯಾಸ ಜಾಸ್ತಿ ಆದ ದಿನ ಸ್ಯಾಂಪಲನ್ನು ಓವನ್‌ನಲ್ಲಿ ಒಣಗಿಸಿ ಯಾವ ಮೀಟರ್ ಸರಿ ಅಂತ ನೋಡುತ್ತಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ.

ಆಮೇಲೆ ಆಕೆ ಕಳಿಸಿದ ಮೆಸೇಜಿನ ಧಾಟಿಯಲ್ಲೇ ನಿಮಗೊಂದು ಬರೆದುಕೊಡ್ತೀನಿ. ಇಂಗ್ಲಿಷ್‌ನಲ್ಲಿ ಬರೆದರೂ ವಿಷಯ ಇಷ್ಟೇ ಇರಲಿ:

"ನಮಸ್ತೆ ಸರ್. ನನ್ನ ಇಂಟರ್ನ್‌ಶಿಪ್ ಜೂನ್ 30ಕ್ಕೆ ಮುಗಿಯುತ್ತದೆ. ನಂತರ ಇದೇ ಲ್ಯಾಬಿನಲ್ಲಿ ಕಾಯಂ ಕೆಲಸಕ್ಕೆ ಅವಕಾಶ ಇದೆಯಾ ಎಂದು ಕೇಳಲು ಬರೆಯುತ್ತಿದ್ದೇನೆ.

ಫೆಬ್ರವರಿಯಿಂದ ರೋಬಸ್ಟಾ ಸ್ಯಾಂಪಲ್‌ಗಳ ತೇವಾಂಶ ಮತ್ತು ಔಟ್‌ಟರ್ನ್ ನಾನೇ ನೋಡುತ್ತಿದ್ದೇನೆ. ಗೇಟಿನ ಮೀಟರ್ ಮತ್ತು ಲ್ಯಾಬ್ ಮೀಟರನ್ನು ದಿನಾ ತಾಳೆ ನೋಡುವ ರಿಜಿಸ್ಟರ್ ಏಪ್ರಿಲ್‌ನಲ್ಲಿ ಶುರು ಮಾಡಿದ್ದೇನೆ.

ಮಳೆಗಾಲದಲ್ಲಿ ಗೋದಾಮಿನ ಸ್ಟಾಕಿನ ತೇವಾಂಶವನ್ನು ವಾರಕ್ಕೊಮ್ಮೆ ನೋಡಿ ಬರೆದಿಡುವುದು ಮತ್ತು ಯುರೋಪಿಗೆ ಹೋಗುವ ಲಾಟ್‌ಗಳಿಗೆ ತೋಟದ ದಾಖಲೆ ಜೋಡಿಸುವುದು, ಈ ಎರಡನ್ನೂ ನಾನು ವಹಿಸಿಕೊಳ್ಳಬಲ್ಲೆ.

ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದಿದೆ. ಜುಲೈ 1ರಿಂದಲೇ ಸೇರಬಹುದು. ಅಂಕಪಟ್ಟಿ ಬಂದ ಕೂಡಲೇ ಕೊಡುತ್ತೇನೆ.

ಈ ವಾರ ಹತ್ತು ನಿಮಿಷ ಬಿಡುವಾದಾಗ ಬಂದು ಮಾತಾಡಬಹುದಾ ಸರ್? ಈ ವರ್ಷ ಜಾಗ ಇಲ್ಲದಿದ್ದರೂ ತಿಳಿಸಿ, ಬೇರೆ ಕಡೆ ನೋಡಲು ಅನುಕೂಲವಾಗುತ್ತದೆ."

ಇಷ್ಟೇ. ಇದರಲ್ಲಿ ಮೂರನೇ ಪ್ಯಾರಾನೇ ಮುಖ್ಯ. ಅದನ್ನು ನಿಮ್ಮ ವರ್ಕ್ಸ್‌ಗೆ ತಕ್ಕ ಹಾಗೆ ನೀವೇ ಬರೆಯಬೇಕು, ನನ್ನದನ್ನು ಹಾಗೇ ಕಾಪಿ ಹೊಡೀಬೇಡಿ. ಗೋದಾಮಿನ ಕೆಲಸ ಯಾಕೆ ಹಾಕಿದೆ ಅಂದ್ರೆ, ಮಲೆನಾಡಿನ ಮಳೆಯಲ್ಲಿ ಕಾಫಿ ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತೆ. ಹತ್ತು, ಹತ್ತೂವರೆ ಪರ್ಸೆಂಟ್ ತೇವಾಂಶಕ್ಕೆ ಒಣಗಿಸಿ ಇಟ್ಟಿದ್ದು ಮೆಲ್ಲಗೆ ಹನ್ನೆರಡು ದಾಟಿದರೆ ಬೀಜ ಬಿಳಚಿಕೊಳ್ಳುತ್ತೆ, ಬೂಷ್ಟಿನ ಭಯ ಬೇರೆ. ಗೋಡೆ ಪಕ್ಕದ ಚೀಲ, ನೆಲದ ಸಾಲಿನ ಚೀಲ ಮೊದಲು ಕೆಡುತ್ತೆ. ಇದನ್ನು ಯಾರಾದರೂ ನೋಡುತ್ತಲೇ ಇರಬೇಕು ಅಂತ ಎಲ್ಲರಿಗೂ ಗೊತ್ತು. ಆದರೂ ಎಷ್ಟೋ ಕಡೆ ಅದು ಯಾರ ಕೆಲಸವೂ ಆಗಿರಲ್ಲ.

ತೋಟದ ದಾಖಲೆಯ ವಿಷಯ ಈಚಿನದು. ಯುರೋಪಿಯನ್ ಯೂನಿಯನ್ 2023ರಲ್ಲಿ ಒಂದು ನಿಯಮ ತಂದಿದೆ. 2020ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗೋ ಹಾಗಿಲ್ಲ. ಅದನ್ನು ತೋರಿಸೋಕೆ ಯಾವ ಲಾಟಿನ ಕಾಫಿ ಯಾವ ತೋಟದ್ದು, ಆ ತೋಟ ನಕ್ಷೆಯಲ್ಲಿ ಎಲ್ಲಿದೆ ಅನ್ನೋದು ಬೇಕು. ಜಾರಿ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ ನಿಜ, ಆದರೆ ಕೊಳ್ಳುವವರು ದಾಖಲೆ ಕೇಳೋದು ನಿಂತಿಲ್ಲ. ಸಣ್ಣ ಬೆಳೆಗಾರರ ಚೀಲಗಳನ್ನೆಲ್ಲ ಒಟ್ಟು ಮಾಡಿ ಒಂದು ಲಾಟ್ ಮಾಡಿದ್ದರೆ ಅದರ ಹಿಂದೆ ಹತ್ತಾರು ತೋಟ ಇರುತ್ತೆ. ಅದನ್ನೆಲ್ಲ ಕೂತು ಜೋಡಿಸೋಕೆ ಸೀಸನ್‌ನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮಳೆಗಾಲಕ್ಕೆ ಹೇಳಿ ಮಾಡಿಸಿದ ಕೆಲಸ. ನಿಮ್ಮ ವರ್ಕ್ಸ್ ಯುರೋಪಿಗೆ ಕಳಿಸೋದೇ ಇಲ್ಲ ಅಂದ್ರೆ ಈ ಮಾತು ಬಿಡಿ. ಸ್ಟೋರ್‌ನವರ ಹತ್ತಿರ, ಗ್ರೇಡಿಂಗ್ ಸೆಕ್ಷನ್‌ನ ಮೇಸ್ತ್ರಿ ಹತ್ತಿರ ಕೇಳಿ: ಜುಲೈಯಿಂದ ಅಕ್ಟೋಬರ್‌ವರೆಗೆ ಏನು ಕೆಲಸ ಬಾಕಿ ಬೀಳುತ್ತೆ? ಅವರು ಹೇಳೋದರಲ್ಲಿ ನಿಮ್ಮ ಕೈಲಾಗುವುದನ್ನು ಬರೆಯಿರಿ.

ಮೆಸೇಜಿನಲ್ಲಿ ಸಂಬಳದ ಮಾತು ಬೇಡ, ಅದು ಎದುರು ಕೂತಾಗ. ಮನೆ ಕಷ್ಟದ ಮಾತೂ ಬೇಡ. ಬೇರೆ ಕಡೆ ಆಫರ್ ಇದೆ ಅಂತ ಇಲ್ಲದ್ದನ್ನು ಹೇಳಲೇಬೇಡಿ. ಚಿಕ್ಕಮಗಳೂರಿನ ಕಾಫಿ ವ್ಯವಹಾರ ಸಣ್ಣ ಜಗತ್ತು, ಸಂಜೆಯೊಳಗೆ ಒಬ್ಬರಿಗೊಬ್ಬರು ಫೋನ್ ಮಾಡಿ ವಿಚಾರಿಸಿಬಿಡ್ತಾರೆ.

ಯಾವಾಗ ಕಳಿಸೋದು? ಮುಗಿಯೋಕೆ ನಾಲ್ಕು ವಾರ ಇರುವಾಗ. ಕೊನೇ ವಾರದಲ್ಲಿ ಕೇಳಿದರೆ ಮಾಲೀಕರ ಹತ್ತಿರ ಮಾತಾಡೋಕೆ ಮ್ಯಾನೇಜರಿಗೂ ಸಮಯ ಸಿಗಲ್ಲ. ಮೇಲಿನ ಪೂರ್ತಿ ಬರಹ ಮೇಲ್‌ನಲ್ಲಿ ಹೋಗಲಿ, ಅವರು ಅದನ್ನು ಹಾಗೇ ಮೇಲಿನವರಿಗೆ ಕಳಿಸಬಹುದು. ವಾಟ್ಸಾಪ್‌ನಲ್ಲಿ ಒಂದು ಸಾಲು ಸಾಕು: "ಸರ್, ಮುಂದಿನ ಕೆಲಸದ ಬಗ್ಗೆ ಒಂದು ಮೇಲ್ ಹಾಕಿದ್ದೀನಿ, ಬಿಡುವಾದಾಗ ನೋಡಿ." ಬೆಳಿಗ್ಗೆ ಲಾರಿ ಇಳಿಸೋ ಹೊತ್ತು ಬೇಡ, ಮಧ್ಯಾಹ್ನ ಊಟ ಆದ ಮೇಲೆ ಕಳಿಸಿ.

ಇನ್ನು ಬರುವ ಉತ್ತರ. "ಆಯ್ತು" ಅಥವಾ "ಇಲ್ಲ" ಅಂತ ಬಂದರೆ ತಲೆನೋವಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ನೋಡೋಣ" ಅಂದರೆ, "ಯಾರ ಹತ್ತಿರ ಕೇಳಬೇಕಾಗುತ್ತೆ ಸರ್, ಯಾವತ್ತು ನೆನಪಿಸಲಿ?" ಅಂತ ಅಲ್ಲೇ ಕೇಳಿ. ಒಂದು ಹೆಸರು ಅಥವಾ ಒಂದು ದಿನ ಸಿಕ್ಕರೆ ವಿಷಯ ಜೀವಂತ ಇದೆ ಅಂತ ಅರ್ಥ. ಎರಡೂ ಸಿಗದಿದ್ದರೆ ಬೇರೆ ಕಡೆ ಅರ್ಜಿ ಹಾಕೋಕೆ ಶುರು ಮಾಡಿ.

"ಸೀಸನ್‌ಗೆ ಮತ್ತೆ ಬನ್ನಿ" ಅಂದರೆ ಅದು ಕಾಯಂ ಅಲ್ಲ, ಆದರೆ ಸುಳ್ಳು ಭರವಸೆಯೂ ಅಲ್ಲ. ಯಾವ ತಿಂಗಳಿಂದ, ಎಷ್ಟು ತಿಂಗಳಿಗೆ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ.

"ಅಪ್ರೆಂಟಿಸ್ ಆಗಿ ತಗೋತೀವಿ" ಅಂದರೆ ಸ್ವಲ್ಪ ನಿಧಾನಿಸಿ. ಅಪ್ರೆಂಟಿಸ್‌ಗಳಿಗೆ 1961ರ ಕಾಯ್ದೆ ಇದೆ. ಅದರ ಪ್ರಕಾರ ಅಪ್ರೆಂಟಿಸ್ ಅಂದ್ರೆ ತರಬೇತಿ ಪಡೆಯುವವರು, ನೌಕರರಲ್ಲ. ಕೊಡೋದು ಸ್ಟೈಪೆಂಡ್. ಒಪ್ಪಂದದಲ್ಲೇ ಬರೆದಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಇಲ್ಲ. ಡಿಗ್ರಿ ಮುಗಿಸಿದವರಿಗೆ ಇದು ಕೆಟ್ಟದ್ದೇನಲ್ಲ, ಸರ್ಟಿಫಿಕೇಟ್ ಸಿಗುತ್ತೆ. ಆದರೆ ಇದನ್ನೇ ಕಾಯಂ ಕೆಲಸ ಅಂದುಕೊಂಡು ಮನೆಯಲ್ಲಿ ಸಿಹಿ ಹಂಚಬೇಡಿ.

"ಏಜೆನ್ಸಿ ಮೂಲಕ ತಗೋತೀವಿ" ಅನ್ನೋದು ಇನ್ನೊಂದು. ಕೆಲಸ ಅದೇ ಲ್ಯಾಬಿನಲ್ಲಿ, ಆದರೆ ನಿಮ್ಮ ಮಾಲೀಕರು ಗುತ್ತಿಗೆದಾರರು. ನೇಮಕ ಪತ್ರದ ಮೇಲೆ ಯಾರ ಹೆಸರಿದೆ, ಪಿಎಫ್ ಯಾರು ಕಟ್ತಾರೆ, ಎಷ್ಟು ತಿಂಗಳ ಗುತ್ತಿಗೆ, ಈ ಮೂರನ್ನು ಕೇಳಿ ಆಮೇಲೆ ಒಪ್ಪಿಕೊಳ್ಳಿ. ನನ್ನನ್ನು ಕೇಳಿದರೆ ನಿಮ್ಮ ವಯಸ್ಸಿಗೆ ಒಂದು ವರ್ಷ ಹೀಗೆ ಮಾಡಿದರೂ ನಷ್ಟ ಇಲ್ಲ, ಸ್ಯಾಂಪಲ್ ಮೇಜಿನ ಮೇಲೆ ಇನ್ನೊಂದು ಸೀಸನ್ ಕೈ ಪಳಗುತ್ತೆ.

ಇಂಟರ್ನ್‌ಶಿಪ್ ಸರ್ಟಿಫಿಕೇಟನ್ನು ಮಾತ್ರ ಈ ಮೇಲ್‌ನಲ್ಲಿ ಕೇಳಬೇಡಿ. ಅದಕ್ಕೆ ಬೇರೆಯೇ ಒಂದು ಮೇಲ್ ಹಾಕಿ, ಎರಡು ವಾರ ಮುಂಚೆ. ಕೆಲಸ ಸಿಗಲಿ ಬಿಡಲಿ, ಅದು ನಿಮಗೆ ಬರಬೇಕಾದ್ದು. ಎರಡನ್ನೂ ಸೇರಿಸಿ ಕೇಳಿದರೆ ಆಫೀಸಿನವರು ಸರ್ಟಿಫಿಕೇಟ್ ಕೈಗಿಟ್ಟು ಇನ್ನೊಂದನ್ನು ಮರೆತುಬಿಡ್ತಾರೆ.