ಹೊಡೆದವರನ್ನಷ್ಟೇ ಕೇಳಿದರೆ ಉತ್ತರ ಸಿಗೋದಿಲ್ಲ

ಪ್ರಶ್ನೆ: "ಚಿತ್ತಾಪುರ ತಾಲ್ಲೂಕಿನಾಗ ನಮ್ಮದು ತೊಗರಿ ಹೊಲ. ಹೂವಿನ ಟೈಮಿಗೆ ಒಂದು ಟಾನಿಕ್ ಹೊಡದ್ರ ಎಕರೆಕ್ಕ ಎರಡು ಕ್ವಿಂಟಲ್ ಜಾಸ್ತಿ ಬರ್ತದಂತ ಅಂಗಡಿಯವರು ಹೇಳ್ತಾರ. ಹೊಡೆದವರನ್ನ ಕೇಳೀನಿ, ಬಹಳ ಮಂದಿ ಛಲೋ ಬಂದದ ಅಂದ್ರು. ಬ್ಯಾಡ ಅನ್ನೋರ ಮಾತೂ ಕೇಳೀನಿ, ಅದರಾಗ ಹುರುಳಿಲ್ಲ. ಎರಡೂ ಕಡೆ ಕೇಳೀನಂದ ಮ್ಯಾಲ ನನ್ನ ನಿರ್ಧಾರ ಪಕ್ಷಪಾತದ್ದಲ್ಲ ಅಂತ ತಿಳೀಬಹುದಲ್ಲ?"

ತಿಳಿಯಬಾರದು. ನಾನೂ ಹೀಗೇ ಲೆಕ್ಕ ಹಾಕುತ್ತಿದ್ದವನು, ಅದಕ್ಕೇ ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಎರಡೂ ಕಡೆ ಕೇಳಿದವರಿಗೆ ಪಕ್ಷಪಾತ ಇರೋದಿಲ್ಲ ಅನ್ನೋ ಮಾತೇ ತಪ್ಪು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 1979ರಲ್ಲಿ ಪ್ರಕಟಿಸಿದರು. 48 ವಿದ್ಯಾರ್ಥಿಗಳು, ಅರ್ಧ ಮಂದಿ ಗಲ್ಲುಶಿಕ್ಷೆಯ ಪರ, ಅರ್ಧ ಮಂದಿ ವಿರುದ್ಧ. ಗಲ್ಲಿನಿಂದ ಕೊಲೆ ಕಡಿಮೆ ಆಗುತ್ತವೆ ಅನ್ನುವ ಒಂದು ಅಧ್ಯಯನ, ಆಗೋದಿಲ್ಲ ಅನ್ನುವ ಒಂದು ಅಧ್ಯಯನ, ಎರಡನ್ನೂ ಎಲ್ಲರಿಗೂ ಓದಿಸಿದರು. ತಮಗೆ ಬೇಕಾದ ಅಧ್ಯಯನ ಗಟ್ಟಿಯಾಗಿ ಕಂಡಿತು, ಬೇಡವಾದದ್ದರಲ್ಲಿ ಹುಳುಕು ಕಂಡವು. ಓದಿ ಮುಗಿದ ಮೇಲೆ ಎರಡೂ ಗುಂಪಿನವರು ತಮ್ಮ ನಂಬಿಕೆ ಮೊದಲಿಗಿಂತ ಗಟ್ಟಿ ಆಯಿತು ಅಂದರು.

ನಿಮ್ಮ ಪ್ರಶ್ನೆಯಲ್ಲಿರುವ "ಅದರಾಗ ಹುರುಳಿಲ್ಲ" ಅನ್ನೋ ಮಾತು ನೋಡಿ. ಉಪಯೋಗ ಆಗಲಿಲ್ಲ ಅಂದವರನ್ನು ನೀವು ಏನೇನು ಕೇಳಿರಬಹುದು? ಯಾವಾಗ ಹೊಡೆದಿರಿ, ಪಂಪಿಗೆ ಎಷ್ಟು ಹಾಕಿದಿರಿ, ಮೋಡ ಇತ್ತೇನು, ಹೊಡೆದ ಮೇಲೆ ಮಳೆ ಬಂತೇನು. ಎಲ್ಲ ಸರಿಯಾದ ಪ್ರಶ್ನೆಗಳೇ. ಆದರೆ ಛಲೋ ಬಂತು ಅಂದವರಿಗೆ ಅಷ್ಟೇ ಪ್ರಶ್ನೆ ಹಾಕಿದಿರಾ? ಅವರು ಯಾವ ಬೀಜ ಹಾಕಿದ್ದರು, ಹೊಲ ಎಷ್ಟು ಆಳದ ಎರೆ, ಒಂದು ನೀರು ಬಿಟ್ಟಿದ್ದರೇನು? ಬೇಕಾದ ಮಾತಿಗೆ "ನಂಬಬಹುದಾ" ಅಂತ ಕೇಳಿಕೊಳ್ಳುತ್ತೇವೆ, ಬೇಡವಾದದ್ದಕ್ಕೆ "ನಂಬಲೇಬೇಕಾ" ಅಂತ. ಮೊದಲನೆಯದಕ್ಕೆ ಒಂದು ಕಾರಣ ಸಿಕ್ಕರೆ ಸಾಕು, ಎರಡನೆಯದರಿಂದ ಪಾರಾಗಲಿಕ್ಕೂ ಒಂದು ಕಾರಣ ಸಿಕ್ಕರೆ ಸಾಕು.

ಆದರೆ ನಿಮಗೆ ನಿಜವಾಗಿ ರೊಕ್ಕ ಕಳೆಸುವ ತಪ್ಪು ಇದಲ್ಲ. ಹೊಡೆದವರನ್ನು ಮಾತ್ರ ಎಣಿಸಿದ್ದೀರಿ, ಅದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಓದಿದವರೂ ಇಲ್ಲೇ ಎಡವುತ್ತಾರೆ.

ನಿಮ್ಮೂರಲ್ಲಿ 40 ಮಂದಿ ತೊಗರಿ ಹಾಕಿದ್ದಾರೆ ಅಂತ ಹಿಡಿಯೋಣ. 24 ಮಂದಿ ಟಾನಿಕ್ ಹೊಡೆದರು, ಅದರಲ್ಲಿ 18 ಮಂದಿಗೆ ಛಲೋ ಬೆಳೆ ಬಂತು, 6 ಮಂದಿಗೆ ಬರಲಿಲ್ಲ. ಈ 18 ಮಂದಿಯ ಮಾತು ಕಟ್ಟೆಯ ಮೇಲೆ, ಸಂತೆಯಲ್ಲಿ, ಅಂಗಡಿಯಲ್ಲಿ ಎಲ್ಲ ಕಡೆ ಕೇಳಿಸುತ್ತದೆ. ಈಗ ಯಾರೂ ಕೇಳದ ಮನೆಗೆ ಹೋಗಿ. ಹೊಡೆಯದ 16 ಮಂದಿಯಲ್ಲಿ 12 ಮಂದಿಗೆ ಛಲೋ ಬಂತು, 4 ಮಂದಿಗೆ ಬರಲಿಲ್ಲ ಅನ್ನಿ. ಹೊಡೆದವರಲ್ಲಿ ನಾಲ್ಕಕ್ಕೆ ಮೂರು, ಹೊಡೆಯದವರಲ್ಲೂ ನಾಲ್ಕಕ್ಕೆ ಮೂರು. ಅಂದರೆ ಆ ವರ್ಷ ಮಳೆ ಛಲೋ ಆಗಿತ್ತು, ಅಷ್ಟೇ. 18ರ ಬದಲು 180 ಮಂದಿ ಛಲೋ ಬಂತು ಅಂದರೂ, ಹೊಡೆಯದವರ ಲೆಕ್ಕ ಪಕ್ಕಕ್ಕೆ ಇಲ್ಲದಿದ್ದರೆ ಆ ಸಂಖ್ಯೆ ಟಾನಿಕ್ ಬಗ್ಗೆ ಏನನ್ನೂ ಹೇಳೋದಿಲ್ಲ. ಹೊಡೆಯದವನು ಬಂದು "ನಾ ಏನೂ ಹೊಡೀಲಿಲ್ಲ, ಆದ್ರೂ ಛಲೋ ಬಂತು" ಅಂತ ಯಾರ ಮುಂದೂ ಹೇಳಿಕೊಳ್ಳೋದಿಲ್ಲ, ಹೇಳುವ ಕಾರಣವೂ ಇಲ್ಲ. ಆ ಲೆಕ್ಕವನ್ನು ನೀವೇ ಹುಡುಕಿಕೊಂಡು ಹೋಗಬೇಕು.

ಆದ್ದರಿಂದ ಒಂದು ಹಾಳೆಯ ಮೇಲೆ ನಾಲ್ಕು ಮನೆ ಗೆರೆ ಹಾಕಿ: ಹೊಡೆದು ಬಂದದ್ದು, ಹೊಡೆದೂ ಬರದ್ದು, ಹೊಡೆಯದೇ ಬಂದದ್ದು, ಹೊಡೆಯದೇ ಬರದ್ದು. "ಛಲೋ" ಅಂದರೆ ಎಷ್ಟು ಅನ್ನೋದನ್ನು ಕೇಳಲಿಕ್ಕೆ ಹೋಗುವ ಮೊದಲೇ ಬರೆಯಿರಿ, ಎಕರೆಗೆ 5 ಕ್ವಿಂಟಲ್ ಮೇಲೆ ಅಂತ ಇಟ್ಟುಕೊಳ್ಳಿ. ಬಾಯಿಮಾತಿನ ಇಳುವರಿ ನಂಬಬೇಡಿ, ಅಡತಿ ಅಂಗಡಿಯ ಪಟ್ಟಿ ತೋರಿಸಿ ಅನ್ನಿ. ಮಾರದೆ ಮನೆಯಲ್ಲಿಟ್ಟ ಚೀಲವನ್ನೂ ಕೂಡಿಸಿ. ನಾಲ್ಕೂ ಮನೆ ತುಂಬುವ ತನಕ ಯಾವ ತೀರ್ಮಾನಕ್ಕೂ ಬರಬೇಡಿ.

ಅಷ್ಟಾದರೂ ಸಾಕಾಗೋದಿಲ್ಲ. ಟಾನಿಕ್ ಕೊಳ್ಳುವವನ ಕೈಯಲ್ಲಿ ರೊಕ್ಕ ಇರುತ್ತದೆ, ಎರೆಯೂ ಆಳ ಇರಬಹುದು. ಬಹಳ ಮಂದಿ ಕಾಯಿಕೊರಕದ ಎಣ್ಣಿಯನ್ನೂ ಅದೇ ಪಂಪಿನಲ್ಲಿ ಬೆರೆಸಿ ಹೊಡೆಯುತ್ತಾರೆ. ಹುಳ ಸತ್ತು ಕಾಯಿ ಉಳಿದರೆ ಹೆಸರು ಟಾನಿಕ್‌ಗೆ ಬರುತ್ತದೆ. ಇನ್ನೊಂದು ಮಾತು: ತೊಗರಿ ತನ್ನ ಹೂವಿನ ಬಹುಪಾಲನ್ನು ತಾನಾಗೇ ಉದುರಿಸುವ ಗಿಡ. ಮೋಡ ಕವಿದು ಸಾಲಿನ ತುಂಬ ಹೂ ಬಿದ್ದಾಗ ಗಾಬರಿಯಾಗಿ ಅಂಗಡಿಗೆ ಓಡುತ್ತೇವೆ. ಹೊಡೆದ ವಾರಕ್ಕೆ ಬಿಸಿಲು ಬಿದ್ದು ಮತ್ತೆ ಹೂ ಬರುತ್ತವೆ, ಹೊಡೆಯದಿದ್ದರೂ ಬರುತ್ತಿದ್ದವು. ಅತೀ ಕೆಟ್ಟ ದಿನ ಔಷಧ ಹೊಡೆದರೆ ಮುಂದಿನ ದಿನಗಳು ಸುಧಾರಿಸಿದಂತೆಯೇ ಕಾಣುತ್ತವೆ.

ಇದನ್ನೆಲ್ಲ ಬಿಡಿಸಲಿಕ್ಕೆ ನನ್ನ ಪ್ರಕಾರ ಇರುವ ದಾರಿ ಒಂದೇ, ನಿಮ್ಮ ಹೊಲದಲ್ಲೇ ಪಟ್ಟೆ ಬಿಟ್ಟು ನೋಡೋದು. ಸಮನಾದ ಒಂದು ತುಂಡು ಆರಿಸಿ, ಬದುವಿನ ಅಂಚು, ನೀರು ನಿಲ್ಲುವ ತಗ್ಗು, ನೆಟೆ ರೋಗ ಬಿದ್ದ ಜಾಗ ಬಿಡಿ. ಸಾಲಿನಿಂದ ಸಾಲಿಗೆ 3 ಅಡಿ ಇದ್ದರೆ 8 ಸಾಲಿಗೆ ಒಂದು ಪಟ್ಟೆ, ಉದ್ದ 100 ಅಡಿ. ಅಂಥ 10 ಪಟ್ಟೆ, ಅಕ್ಕಪಕ್ಕದ್ದು ಸೇರಿ ಐದು ಜೋಡಿ. ಒಟ್ಟು ಸುಮಾರು 22 ಗುಂಟೆ ಆಗುತ್ತದೆ. ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಟಾನಿಕ್ ಅನ್ನೋದನ್ನು ನಾಣ್ಯ ಹಾರಿಸಿ ತೀರ್ಮಾನಿಸಿ. ಕಣ್ಣಂದಾಜಿನಲ್ಲಿ ಆರಿಸಿದರೆ ಕೈ ತಾನಾಗೇ ಹುಲುಸಾದ ಪಟ್ಟೆಯ ಕಡೆ ಹೋಗುತ್ತದೆ. ಟಾನಿಕ್ ಇಲ್ಲದ ಪಟ್ಟೆಗೂ ಅದೇ ದಿನ ಅಷ್ಟೇ ನೀರು, ಅದೇ ಕಾಯಿಕೊರಕದ ಎಣ್ಣಿ ಹೊಡೆಯಿರಿ. ಟಾನಿಕ್ ಒಂದೇ ಬಿಡಿ. ಮೊದಲು ಟಾನಿಕ್ ಇಲ್ಲದವು ಮುಗಿಸಿ, ಆಮೇಲೆ ಟಾನಿಕ್ ಬೆರೆಸಿ. ಗಾಳಿ ಇದ್ದ ದಿನ ಹೊಡೆಯಬೇಡಿ.

ಕೊಯ್ಯುವಾಗ ಪ್ರತಿ ಪಟ್ಟೆಯ ನಡುವಿನ 4 ಸಾಲು ಮಾತ್ರ ಬೇರೆ ತೆಗೆಯಿರಿ, ಅಂಚಿನ ಎರಡೆರಡು ಸಾಲಿಗೆ ಪಕ್ಕದ ಪಟ್ಟೆಯ ಹನಿ ತಾಗಿರುತ್ತದೆ. ಬೇರೆ ಬೇರೆ ರಾಶಿ ಮಾಡಿ, ಚೀಲಕ್ಕೆ 1ರಿಂದ 10ರ ತನಕ ಬರೀ ನಂಬರ್ ಬರೆಯಿರಿ. ಯಾವ ನಂಬರಿಗೆ ಟಾನಿಕ್ ಅನ್ನೋ ಚೀಟಿ ತಮ್ಮನ ಕಿಸೆಯಲ್ಲಿರಲಿ, ತೂಗುವವನಿಗೆ ಗೊತ್ತಾಗಬಾರದು. ಗೊತ್ತಿದ್ದರೆ ಕಸ ಕೇರುವಾಗ, ಮುಳ್ಳು ನೋಡುವಾಗ ಮೋಸ ಇಲ್ಲದೆಯೂ ಅರ್ಧ ಕಿಲೋ ಆ ಕಡೆ ಈ ಕಡೆ ಆಗುತ್ತದೆ.

ಈಗ ಬಹಳ ಮುಖ್ಯವಾದದ್ದು. ಚೀಟಿ ಬಿಚ್ಚುವ ಮೊದಲು, ಅಲ್ಲ, ಟಾನಿಕ್ ಹೊಡೆಯುವ ಮೊದಲೇ, ಎಷ್ಟು ಬಂದರೆ ಏನು ಮಾಡುತ್ತೀರಿ ಅಂತ ತಾರೀಖು ಹಾಕಿ ಬರೆದಿಡಬೇಕು. ಟಾನಿಕ್ ಮತ್ತು ಆಳು ಸೇರಿ ಎಕರೆಗೆ 900 ರೂಪಾಯಿ, ತೊಗರಿ ಕ್ವಿಂಟಲ್‌ಗೆ 7,500 ಅಂತ ಹಿಡಿದರೆ ಖರ್ಚು ಹೊರಡಲಿಕ್ಕೇ ಎಕರೆಗೆ 12 ಕಿಲೋ ಬೇಕು. ನೀವು ಕೊಯ್ದ 4 ಸಾಲು ಅಂದರೆ 1,200 ಚದರ ಅಡಿ, ಎಕರೆಯ ಸುಮಾರು 36ನೇ ಒಂದು ಪಾಲು. ಅಂಗಡಿಯವರ ಎರಡು ಕ್ವಿಂಟಲ್ ನಿಜ ಇದ್ದರೆ ಪ್ರತಿ ಚೀಲದಲ್ಲಿ ಐದೂವರೆ ಕಿಲೋ ಹೆಚ್ಚು ಕಾಣಬೇಕು. 12 ಕಿಲೋದ ಲಾಭ ಮಾತ್ರ ಇದ್ದರೆ ಚೀಲದಲ್ಲಿ ಮುನ್ನೂರು ಗ್ರಾಂ ಚಿಲ್ಲರೆ ವ್ಯತ್ಯಾಸ, ಅದನ್ನು ಈ ಪರೀಕ್ಷೆ ಹಿಡಿಯಲಾರದು. ಮಣ್ಣಿನ ವ್ಯತ್ಯಾಸವೇ ಅದಕ್ಕಿಂತ ದೊಡ್ಡದು. ಹಾಗಾಗಿ ಹೀಗೆ ಬರೆಯಿರಿ: "ಐದಕ್ಕೆ ಐದೂ ಜೋಡಿಯಲ್ಲಿ ಟಾನಿಕ್ ಮುಂದಿದ್ದು, ಸರಾಸರಿ 1 ಕಿಲೋ ದಾಟಿದರೆ ಮುಂದಿನ ವರ್ಷ ಕೊಳ್ಳುತ್ತೇನೆ. ಇಲ್ಲದಿದ್ದರೆ ಇಲ್ಲ." ಟಾನಿಕ್‌ಗೆ ಯಾವ ಗುಣ ಇಲ್ಲದಿದ್ದರೂ ಐದಕ್ಕೆ ಐದು ಅದರ ಕಡೆ ಬೀಳೋದು 32ರಲ್ಲಿ ಒಂದೇ ಸಲ.

ತೂಕ ಹೀಗೆ ಬಂತು ಅಂತ ಹಿಡಿಯಿರಿ: ಮೊದಲ ಜೋಡಿಯಲ್ಲಿ ಟಾನಿಕ್ ಒಂದೂವರೆ ಕಿಲೋ ಮುಂದೆ, ಎರಡನೆಯದರಲ್ಲಿ ಅರ್ಧ ಕಿಲೋ ಹಿಂದೆ, ಆಮೇಲೆ 2 ಕಿಲೋ ಮುಂದೆ, ಅರ್ಧ ಕಿಲೋ ಮುಂದೆ, 1 ಕಿಲೋ ಹಿಂದೆ. ಸರಾಸರಿ ಅರ್ಧ ಕಿಲೋ ಮುಂದೆ. ತಲೆಯೊಳಗಿನ ವಕೀಲ ಕೂಡಲೇ ಏಳುತ್ತಾನೆ: "ಅರ್ಧ ಕಿಲೋ ಅಂದ್ರ ಎಕರೆಕ್ಕ 18 ಕಿಲೋ, ಖರ್ಚು ಹೊಂಟು ಲಾಭನೂ ಬಂತಲ್ಲ! ಆ ಐದನೇ ಜೋಡಿದಾಗ ಇಲಿ ಬಿದ್ದಿತ್ತು, ಅದನ್ನ ಬಿಟ್ರ ಇನ್ನೂ ಜಾಸ್ತಿ." ಬರೆದಿಟ್ಟ ಹಾಳೆ ಬೇಕಾಗೋದು ಈ ಹೊತ್ತಿಗೆ. ಮೂರು ಆ ಕಡೆ, ಎರಡು ಈ ಕಡೆ ಬಿದ್ದ ಲೆಕ್ಕದಿಂದ 18 ಕಿಲೋ ನಂಬಲಿಕ್ಕೆ ಬರೋದಿಲ್ಲ. ಎರಡು ಕ್ವಿಂಟಲ್ ಮಾತಂತೂ ನಿಮ್ಮ ಹೊಲದಲ್ಲಿ ಆ ವರ್ಷ ಬಿದ್ದುಹೋಯಿತು.

ಇಲಿಯ ತಕರಾರು ಸುಳ್ಳೇ ಇರಬೇಕಂತಿಲ್ಲ. ಅದನ್ನು ಪರೀಕ್ಷಿಸಲಿಕ್ಕೆ ಒಂದೇ ಪ್ರಶ್ನೆ ಇದೆ: ಐದನೇ ಜೋಡಿಯಲ್ಲಿ ಟಾನಿಕ್ 1 ಕಿಲೋ ಮುಂದೆ ಬಂದಿದ್ದರೂ ಇಲಿಯ ಕಾರಣ ಹೇಳಿ ಆ ಜೋಡಿಯನ್ನು ಬಿಡುತ್ತಿದ್ದಿರಾ? ಇಲ್ಲ ಅಂದರೆ ಈಗಲೂ ಬಿಡಬೇಡಿ. ಮೇಲೆ ಹೇಳಿದ ಸಂಶೋಧಕರಲ್ಲಿ ಇಬ್ಬರು 1984ರಲ್ಲಿ ಇನ್ನೊಬ್ಬರ ಜೊತೆ ಇದನ್ನೇ ನೋಡಿದರು. "ನಿಷ್ಪಕ್ಷಪಾತವಾಗಿ ತೂಗಿ ನೋಡಿ" ಅಂತ ಹೇಳಿದ್ದರಿಂದ ಫರಕು ಬೀಳಲಿಲ್ಲ. "ಇದೇ ಅಧ್ಯಯನದ ಫಲಿತಾಂಶ ಉಲ್ಟಾ ಬಂದಿದ್ದರೆ ಹೀಗೇ ತೂಗುತ್ತಿದ್ದಿರಾ ಅಂತ ಕೇಳಿಕೊಳ್ಳಿ" ಅಂದಾಗ ಬಿತ್ತು. ಅದಕ್ಕೇ ಮನಸ್ಸು ಗಟ್ಟಿ ಮಾಡಿ, ನ್ಯಾಯವಾಗಿ ಯೋಚಿಸಿ ಅನ್ನುವ ಬುದ್ಧಿಮಾತು ನಾನು ಹೇಳೋದಿಲ್ಲ.

ದಿನದ ರೂಢಿಗೆ ಒಂದೇ ಒಂದು ಹೇಳುತ್ತೇನೆ. ಚಾರ್ಲ್ಸ್ ಡಾರ್ವಿನ್ ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಕಂಡರೆ ಆ ಕ್ಷಣವೇ ಬರೆದಿಡುತ್ತಿದ್ದ, ಅಂಥವು ಅನುಕೂಲದ ಸಂಗತಿಗಳಿಗಿಂತ ಬೇಗ ಮರೆತುಹೋಗುತ್ತವೆ ಅಂತ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಖರ್ಚಿನ ಪುಸ್ತಕದ ಕೊನೆಯ ಪುಟ ಇದಕ್ಕೇ ಇಡಿ: ಯಾರ ಹೊಲ, ಎಷ್ಟು ಎಕರೆ, ಹೊಡೆದೂ ಎಷ್ಟು ಕಡಿಮೆ ಬಂತು. "ಅವ ಸರಿಯಾಗಿ ಹೊಡೆದಿಲ್ಲ" ಅನ್ನೋ ಟಿಪ್ಪಣಿ ಅದರ ಪಕ್ಕ ಬರೆಯಬೇಡಿ, ಬರೆಯಲೇಬೇಕೆಂದರೆ ಹೊಡೆದು ಬಂದವರ ಸಾಲಿಗೂ ಅಷ್ಟೇ ತನಿಖೆಯ ಟಿಪ್ಪಣಿ ಬರೆಯಿರಿ.

ಒಂದು ವರ್ಷದ ಫಲಿತಾಂಶ ಆ ವರ್ಷದ ಮಳೆಗೆ ಮಾತ್ರ. ಮುಂದಿನ ಹಂಗಾಮಿಗೆ ಬೇರೆ ತುಂಡಿನಲ್ಲಿ, ಮತ್ತೆ ನಾಣ್ಯ ಹಾರಿಸಿ ಹಾಕಿ. ಈ ವರ್ಷದ ಹೂ ಈಗಾಗಲೇ ಮುಗಿದಿದ್ದರೆ ನಾಲ್ಕು ಮನೆಯ ಹಾಳೆ ಒಂದೇ ಉಳಿದ ಕೆಲಸ, ಅದನ್ನು ಹೊಡೆಯದವರ ಮನೆಯಿಂದ ಶುರು ಮಾಡಿ. ರಾಶಿ ಆಗಿ ಮಾಲು ಮಾರಿದ ಹೊಸತರಲ್ಲೇ ಹೋಗಿ, ಆಗ ಪಟ್ಟಿ ಇನ್ನೂ ಅವರ ಕೈಯಲ್ಲಿರುತ್ತದೆ.