ಹಿಂಬಾಕಿ ವೇತನದ ತೆರಿಗೆ ರಿಯಾಯಿತಿ: ನಾನು ತಪ್ಪಾಗಿ ಆರಿಸಿದ ವರ್ಷ

ಪ್ರಶ್ನೆ: 2024-25ರಲ್ಲಿ ನನಗೆ ಹಿಂದಿನ ನಾಲ್ಕು ವರ್ಷಗಳ ವೇತನ ಹಿಂಬಾಕಿ ಒಂದೇ ಸಲ ಬಂದಿದೆ. ಅದನ್ನು ಆಯಾ ವರ್ಷಗಳಿಗೆ ಹಂಚಿ ಹಳೆಯ ರಿಟರ್ನ್‌ಗಳನ್ನು ತಿದ್ದಬೇಕೆ, ಅಥವಾ ಆಡಿಟರ್ ಬಳಿ ಹೋಗುವುದು ಒಳ್ಳೆಯದೆ?

ಹಳೆಯ ರಿಟರ್ನ್‌ಗಳನ್ನು ಮುಟ್ಟಲೇಬೇಡಿ. ‘ಹಂಚುವುದು’ ಎಂಬ ಮಾತನ್ನೇ ಮೊದಲು ತಲೆಯಿಂದ ತೆಗೆದುಹಾಕಿ ಎಂದೂ ಹೇಳುತ್ತೇನೆ, ಏಕೆಂದರೆ ನನ್ನನ್ನು ದಾರಿ ತಪ್ಪಿಸಿದ್ದು ಆ ಮಾತೇ.

ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ವರ್ಷಗಳ ಕಾಲ ಕಡತದಲ್ಲೇ ಉಳಿದಿದ್ದ ನನ್ನ ವೇತನ ನಿಗದಿ ಕೊನೆಗೂ ಇತ್ಯರ್ಥವಾಗಿ, 2019-20ರ ಆರ್ಥಿಕ ವರ್ಷದಲ್ಲಿ 2,40,000 ರೂಪಾಯಿ ಹಿಂಬಾಕಿ ಒಟ್ಟಿಗೆ ಕೈಸೇರಿತು. ಅದರಲ್ಲಿ 2016-17ಕ್ಕೆ ಸೇರಿದ್ದು 60,000, 2017-18ಕ್ಕೆ 80,000, 2018-19ಕ್ಕೆ 1,00,000. ಕಡಿತಗಳೆಲ್ಲ ಕಳೆದ ಮೇಲೆ ಆ ವರ್ಷ ನನ್ನ ತೆರಿಗೆಗೆ ಒಳಪಡುವ ಆದಾಯ ಹಿಂಬಾಕಿ ಇಲ್ಲದೆ 5,90,000 ಇತ್ತು. ಹಿಂಬಾಕಿ ಸೇರಿ 8,30,000 ಆಯಿತು. ಹಿಂಬಾಕಿಯ ಪ್ರತಿ ರೂಪಾಯಿಯೂ ಶೇಕಡಾ 20ರ ಹಂತಕ್ಕೆ ಬಿದ್ದಿತ್ತು. ಆಯಾ ವರ್ಷವೇ ಕೊಟ್ಟಿದ್ದರೆ ಅದರ ಬಹುಪಾಲಿಗೆ ಶೇಕಡಾ 5 ಅಥವಾ 10ರ ದರ ಸಾಕಾಗುತ್ತಿತ್ತು.

ಆದಾಯ ತೆರಿಗೆ ಕಾಯ್ದೆಯ 89ನೇ ಕಲಂ ಸರಿಪಡಿಸುವುದು ಈ ವ್ಯತ್ಯಾಸವನ್ನು ಮಾತ್ರ. ಹಣ ಯಾವ ವರ್ಷ ಕೈಗೆ ಬಂದಿತೋ ಆ ವರ್ಷದ ಆದಾಯವಾಗಿಯೇ ಅದು ಉಳಿಯುತ್ತದೆ, ರಿಟರ್ನ್‌ನಲ್ಲಿ ಪೂರ್ತಿಯಾಗಿ ತೋರಿಸಲೇಬೇಕು. ಹಿಂದಿನ ವರ್ಷಗಳು ಬರುವುದು ಹೋಲಿಕೆಗೆ ಮಾತ್ರ. ಹಿಂಬಾಕಿಯಿಂದಾಗಿ ಈ ವರ್ಷ ಎಷ್ಟು ತೆರಿಗೆ ಹೆಚ್ಚಿತು, ಅದೇ ಹಣ ಆಗಲೇ ಬಂದಿದ್ದರೆ ಆಯಾ ವರ್ಷಗಳಲ್ಲಿ ಒಟ್ಟು ಎಷ್ಟು ಹೆಚ್ಚುತ್ತಿತ್ತು ಎಂದು ಎರಡು ಮೊತ್ತ ಕಂಡುಹಿಡಿದು, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ರಿಯಾಯಿತಿ.

ನನ್ನ ಲೆಕ್ಕ ಹೀಗಿತ್ತು. 8,30,000ಕ್ಕೆ ಸೆಸ್ ಸೇರಿ ತೆರಿಗೆ 81,640, 5,90,000ಕ್ಕೆ 31,720; ಹಿಂಬಾಕಿಯ ಹೊರೆ 49,920. ಇನ್ನು ಹಿಂದಿನ ವರ್ಷಗಳು. 2016-17ರಲ್ಲಿ ನನ್ನ ಆದಾಯ 3,80,000 ಇತ್ತು. ಅದಕ್ಕೆ 60,000 ಸೇರಿಸಿ ಆ ವರ್ಷದ ದರ, ಆ ವರ್ಷದ ರಿಬೇಟು, ಆ ವರ್ಷದ ಸೆಸ್ಸಿನಂತೆ ಲೆಕ್ಕ ಹಾಕಿದರೆ 6,180 ಹೆಚ್ಚು ಬರುತ್ತದೆ. 2017-18ರ 4,10,000ಕ್ಕೆ 80,000 ಸೇರಿದರೆ 4,120. 2018-19ರ 4,30,000ಕ್ಕೆ ಒಂದು ಲಕ್ಷ ಸೇರಿದರೆ ಆದಾಯ ಐದು ಲಕ್ಷದ ಗೆರೆ ದಾಟುವುದರಿಂದ 9,880. ಮೂರೂ ಸೇರಿ 20,180. 49,920ರಲ್ಲಿ ಇದನ್ನು ಕಳೆದರೆ ರಿಯಾಯಿತಿ 29,740.

ಲೆಕ್ಕದಲ್ಲಿ ನಾನು ಎಡವಲಿಲ್ಲ. ಶಾಲೆಯ ಕಚೇರಿಯೂ ಇದನ್ನು ಒಪ್ಪಿ, ಅಷ್ಟು ಮೊತ್ತ ಬಿಟ್ಟು ಉಳಿದ 51,900 ರೂಪಾಯಿಯನ್ನಷ್ಟೇ ಸಂಬಳದಿಂದ ಮುರಿದುಕೊಂಡಿತ್ತು. ಫಾರಂ 16ರಲ್ಲಿಯೂ ರಿಯಾಯಿತಿ ಕಾಣಿಸಿತ್ತು. ಆದರೆ ಕಚೇರಿಗೆ ಕೊಟ್ಟ ಕಾಗದ ಟಿಡಿಎಸ್‌ಗೆ ಮಾತ್ರ ಸಾಕು. ರಿಟರ್ನ್‌ನಲ್ಲಿ ರಿಯಾಯಿತಿ ಕೇಳುವವರು ಫಾರಂ 10ಇ ಅನ್ನು ಪೋರ್ಟಲ್‌ನಲ್ಲಿ ತಾವೇ ಸಲ್ಲಿಸಬೇಕು, ಅದೂ ರಿಟರ್ನ್‌ಗಿಂತ ಮೊದಲು. ಇದು ನನಗೆ ತಿಳಿದಿತ್ತು, ಸಲ್ಲಿಸಿಯೂ ಇದ್ದೆ.

ತಪ್ಪಾದದ್ದು ಆ ಫಾರಂನ ಮೊದಲ ಆಯ್ಕೆಯಲ್ಲಿ. ಅಲ್ಲಿ `Assessment Year` ಕೇಳುತ್ತದೆ. ಹಿಂಬಾಕಿಯನ್ನು ಹಿಂದಿನ ವರ್ಷಗಳಿಗೆ ‘ಹಂಚುತ್ತಿದ್ದೇನೆ’ ಎಂಬ ಗುಂಗಿನಲ್ಲಿದ್ದ ನಾನು 2019-20 ಎಂದು ಆರಿಸಿದೆ. ಹಣ ಬಂದದ್ದು 2019-20ರಲ್ಲಿ ಅಲ್ಲವೆ ಎಂದು ಒಂದು ಮನಸ್ಸು, ಹಿಂಬಾಕಿಯ ಕೊನೆಯ ವರ್ಷವಾದ 2018-19ಕ್ಕೂ ಅಸೆಸ್‌ಮೆಂಟ್ ವರ್ಷ 2019-20 ತಾನೆ ಎಂದು ಇನ್ನೊಂದು ಮನಸ್ಸು. ಎರಡೂ ದಾರಿಯಿಂದ ಬಂದರೂ ಅದೇ ಅಂಕಿ ಸಿಕ್ಕಿದ್ದರಿಂದ ಸಂಶಯವೇ ಹುಟ್ಟಲಿಲ್ಲ. ಆದರೆ 2019-20 ಎಂಬ ಆರ್ಥಿಕ ವರ್ಷದ ಅಸೆಸ್‌ಮೆಂಟ್ ವರ್ಷ 2020-21. ರಿಟರ್ನ್ ಸಲ್ಲಿಸಿದ್ದು 2020-21ಕ್ಕೆ, ಫಾರಂ ಕುಳಿತದ್ದು 2019-20ರಲ್ಲಿ. ರಿಟರ್ನ್ ಪರಿಶೀಲಿಸುವ ಗಣಕಕ್ಕೆ ನನ್ನ ಪ್ಯಾನ್‌ನಲ್ಲಿ ಆ ವರ್ಷಕ್ಕೆ ಫಾರಂ 10ಇ ಇದೆಯೇ ಇಲ್ಲವೇ ಎಂಬುದಷ್ಟೇ ಗೊತ್ತಾಗುತ್ತದೆ. ಪಕ್ಕದ ವರ್ಷದಲ್ಲಿ ಇಣುಕಿ ನೋಡುವ ಸೌಜನ್ಯ ಅದಕ್ಕಿಲ್ಲ.

ಕೆಲವು ತಿಂಗಳ ನಂತರ 143(1)ರ ಇಂಟಿಮೇಷನ್ ಬಂತು. ಅದರಲ್ಲಿ ಎರಡು ಅಂಕಣಗಳಿರುತ್ತವೆ: ನಾವು ತೋರಿಸಿದ್ದು ಒಂದು, ಇಲಾಖೆ ಲೆಕ್ಕ ಹಾಕಿದ್ದು ಇನ್ನೊಂದು. 89ರ ಸಾಲಿನಲ್ಲಿ ಎಡಕ್ಕೆ 29,740, ಬಲಕ್ಕೆ ಸೊನ್ನೆ. ಕೆಳಗೆ ಆ ಮೊತ್ತಕ್ಕೆ ಬಡ್ಡಿಯೂ ಸೇರಿದ ಬೇಡಿಕೆ. ಫಾರಂನ ಸ್ವೀಕೃತಿ ಪತ್ರ ಕೈಯಲ್ಲೇ ಇದ್ದುದರಿಂದ, ಇಲಾಖೆಯೇ ತಪ್ಪು ಮಾಡಿದೆ ಎಂದು ಎರಡು ವಾರ ಎಲ್ಲರ ಮುಂದೆ ದೂರಿದೆ. ಕೊನೆಗೆ ನನ್ನ ಮಗಳು ಸ್ವೀಕೃತಿಯನ್ನೂ ಇಂಟಿಮೇಷನ್ ಅನ್ನೂ ಪಕ್ಕಪಕ್ಕ ಇಟ್ಟು, ‘ಅಪ್ಪಾ, ಇವೆರಡರಲ್ಲಿ ವರ್ಷ ಬೇರೆ ಬೇರೆ ಇದೆ ನೋಡಿ’ ಎಂದಳು.

ಬೇಡಿಕೆಯ ಹಣವನ್ನು ನಾನು ಕಟ್ಟಲಿಲ್ಲ. ಪೋರ್ಟಲ್‌ನಲ್ಲಿ ಬೇಡಿಕೆಗೆ ಅಸಮ್ಮತಿ ದಾಖಲಿಸಿ, 2020-21 ಎಂದು ಆರಿಸಿ ಫಾರಂ 10ಇ ಹೊಸದಾಗಿ ಸಲ್ಲಿಸಿದೆ. ಪರಿಷ್ಕೃತ ರಿಟರ್ನ್‌ಗೆ ಇನ್ನೂ ಅವಧಿ ಇದ್ದುದರಿಂದ ಅದೇ ಅಂಕಿಗಳೊಂದಿಗೆ ಅದನ್ನೂ ಸಲ್ಲಿಸಿದೆ. ಮುಂದಿನ ಇಂಟಿಮೇಷನ್‌ನಲ್ಲಿ ಎರಡೂ ಅಂಕಣಗಳಲ್ಲಿ 29,740 ಇತ್ತು, ಬಡ್ಡಿಯೂ ಹೋಗಿತ್ತು.

ನಿಮ್ಮ ವಿಷಯದಲ್ಲಿ ಹಣ ಬಂದದ್ದು 2024-25ರಲ್ಲಿ, ಆದ್ದರಿಂದ ನೀವು ಆರಿಸಬೇಕಾದ ಅಸೆಸ್‌ಮೆಂಟ್ ವರ್ಷ 2025-26, ಹಿಂಬಾಕಿ ಎಷ್ಟು ಹಳೆಯದಾದರೂ ಅಷ್ಟೇ. ಪೋರ್ಟಲ್‌ನಲ್ಲಿ `e-File`, `Income Tax Forms`, `File Income Tax Forms` ಎಂದು ಹೋದರೆ `Form 10E` ಸಿಗುತ್ತದೆ. ವೇತನ ಹಿಂಬಾಕಿಗೆ ಅದರ ಮೊದಲ ಅನುಬಂಧ. ಹಳೆಯ ವರ್ಷಗಳು ಬರುವುದು ಅದರೊಳಗಿನ ಕೋಷ್ಟಕದಲ್ಲಿ. ಅಲ್ಲಿ ಒಟ್ಟು ಸಂಬಳವನ್ನು ಬರೆಯಬೇಡಿ, ಆಯಾ ವರ್ಷದ ರಿಟರ್ನ್‌ನಲ್ಲಿ ಕಡಿತಗಳ ನಂತರ ಉಳಿದ ಆದಾಯವನ್ನು ಬರೆಯಿರಿ. ಹಿಂಬಾಕಿಯನ್ನು ನಾಲ್ಕು ವರ್ಷಕ್ಕೆ ಸಮನಾಗಿ ಭಾಗಿಸುವುದೂ ತಪ್ಪು. ಯಾವ ವರ್ಷಕ್ಕೆ ಎಷ್ಟು ಎಂಬ ಡ್ಯೂ-ಡ್ರಾನ್ ತಃಖ್ತೆಯನ್ನು ಕಚೇರಿಯಿಂದ ಕೇಳಿ ಪಡೆಯಿರಿ. ಹೊಸ ತೆರಿಗೆ ಪದ್ಧತಿಯಲ್ಲಿದ್ದೀರಿ ಎಂಬ ಕಾರಣಕ್ಕೆ ಈ ರಿಯಾಯಿತಿ ತಪ್ಪುವುದಿಲ್ಲ.

ಆದರೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ನನ್ನ ಸಹೋದ್ಯೋಗಿಯೊಬ್ಬರು ಎಲ್ಲ ವರ್ಷಗಳಲ್ಲೂ ಶೇಕಡಾ 20ರ ಹಂತದಲ್ಲೇ ಇದ್ದವರು. ಅವರಿಗೆ 2017-18ರ ಒಂದು ಲಕ್ಷ ಹಿಂಬಾಕಿಗೆ ಈಚಿನ ತೆರಿಗೆ 20,800, ಆಗಿನದು 20,600. ಸೆಸ್ ಶೇಕಡಾ 3ರಿಂದ 4ಕ್ಕೆ ಏರಿದ್ದರ 200 ರೂಪಾಯಿ ಬಿಟ್ಟರೆ ಬೇರೇನೂ ಸಿಗಲಿಲ್ಲ. ಹಿಂದಿನ ವರ್ಷಗಳ ತೆರಿಗೆಯೇ ಹೆಚ್ಚು ಬಂದರೆ ರಿಯಾಯಿತಿ ಇಲ್ಲ, ಫಾರಂ ಸಲ್ಲಿಸುವ ಅಗತ್ಯವೂ ಇಲ್ಲ.

ಆಡಿಟರ್ ವಿಷಯ: ಸಂಬಳವೊಂದೇ ಆದಾಯವಾಗಿದ್ದರೆ ನನ್ನ ಮಟ್ಟಿಗೆ ಅದು ದಂಡದ ಖರ್ಚು. ಅವರೂ ನಿಮ್ಮಿಂದ ಕೇಳುವುದು ಆ ತಃಖ್ತೆಯನ್ನು ಮತ್ತು ನಾಲ್ಕು ಹಳೆಯ ರಿಟರ್ನ್‌ಗಳನ್ನೇ. ಹೋಗುವುದೇ ಆದರೆ, ಅವರು ಸಲ್ಲಿಸಿದ ಫಾರಂನ ಸ್ವೀಕೃತಿಯಲ್ಲಿ 2025-26 ಎಂದಿದೆಯೇ ಎಂದು ನೋಡಿಯೇ ಹಣ ಕೊಡಿ.