ಮನೆಯ ಗ್ರೂಪಿಗೆ ಬರೆದ ಮೆಸೇಜ್ ಬೈದ ಹಾಗೆ ಕೇಳಿಸದಿರಲು

*ನಾಲ್ಕು ಮಕ್ಕಳಲ್ಲಿ ನಾನು ಮೂರನೆಯವಳು. ಅಮ್ಮ ಶಿವಮೊಗ್ಗದಲ್ಲಿದ್ದಾರೆ, ನಮ್ಮ ಮನೆ ಅಲ್ಲಿಂದ ಎರಡು ಬೀದಿ ಆಚೆ. ಅಣ್ಣ ಬೆಂಗಳೂರಿನಲ್ಲಿ, ಅಕ್ಕ ಹುಬ್ಬಳ್ಳಿಯಲ್ಲಿ, ತಮ್ಮ ಡಲ್ಲಾಸ್‌ನಲ್ಲಿ. ಅಮ್ಮನಿಗೆ ಸೊಂಟದ ಆಪರೇಷನ್ ಆಗಿ ಎರಡು ತಿಂಗಳಾಯಿತು. ಹೋಮ್ ನರ್ಸ್ ಇದ್ದಾರೆ. ಅವರಿಗೆ ಶನಿವಾರ ಸಂಜೆ ಆರರಿಂದ ಭಾನುವಾರ ಸಂಜೆ ಆರರವರೆಗೆ ರಜೆ, ಆ ಹೊತ್ತು ಪ್ರತಿ ವಾರ ನಾನೇ ಇರುತ್ತೇನೆ. ಅವರ ಸಂಬಳ 18,000 ಕೂಡ ನಾನೇ ಕೊಡುತ್ತಿದ್ದೇನೆ. ಎಲ್ಲರೂ ಹಂಚಿಕೊಳ್ಳಿ ಅಂತ ಗ್ರೂಪಿಗೆ ಬರೆದ ಮೆಸೇಜನ್ನು ನನ್ನ ಯಜಮಾನರು ಓದಿ ‘ಇದು ಬೈದ ಹಾಗಿದೆ’ ಅಂದರು. ಮೆತ್ತಗೆ ಮಾಡೋಣ ಅಂತ ತಿದ್ದಿದಷ್ಟೂ ಉದ್ದವಾಗುತ್ತಿದೆ. ಗ್ರೂಪಿನಲ್ಲಿ ಅತ್ತಿಗೆ, ಭಾವ, ಮಕ್ಕಳೂ ಇದ್ದಾರೆ. ಮೆಸೇಜ್ ಜೊತೆಗಿಟ್ಟಿದ್ದೇನೆ, ಏನು ಮಾಡಲಿ?*

ನಿಮ್ಮ ಮೆಸೇಜಿನಲ್ಲಿ ಒಂದೇ ಒಂದು ಕೆಟ್ಟ ಮಾತಿಲ್ಲ. ಆದರೂ ನಿಮ್ಮ ಯಜಮಾನರು ಹೇಳಿದ್ದು ಸರಿ. ಮೊದಲ ಹದಿನಾಲ್ಕು ಸಾಲು ಇಲ್ಲಿಯವರೆಗೆ ಏನಾಯಿತು ಅನ್ನುವ ಲೆಕ್ಕ. ನಿಮಗೆ ಬೇಕಾಗಿರುವುದು ಹದಿನೈದನೇ ಸಾಲಿನಲ್ಲಿ ಬರುತ್ತದೆ: ‘ಕನಿಷ್ಠ ತಿಂಗಳಿಗೆ ಒಂದು ಭಾನುವಾರನಾದ್ರೂ ಬರಬೇಕು ಅನ್ನೋ ಜವಾಬ್ದಾರಿ ಎಲ್ಲರಿಗೂ ಇರಬೇಕು ಅಲ್ವಾ?’ ಇಷ್ಟು ಉದ್ದದ ಮೆಸೇಜನ್ನು ವಾಟ್ಸ್ಯಾಪ್ ಮಡಚಿ, ಕೆಳಗೆ Read more ಅಂತ ತೋರಿಸುತ್ತದೆ. ಅಂದರೆ ಅತ್ತಿಗೆ ಫೋನ್ ತೆಗೆದ ಕೂಡಲೇ ಕಾಣುವುದು ದೂರು ಮಾತ್ರ. ಕೋರಿಕೆ ಮಡಚಿದ ಭಾಗದಲ್ಲಿ ಉಳಿಯುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಓದುವವರ ಮನಸ್ಸಿನಲ್ಲಿ ಸಮಜಾಯಿಷಿ ಸಿದ್ಧವಾಗಿರುತ್ತದೆ.

ಮೆತ್ತಗೆ ಮಾಡಲು ನೀವು ಸೇರಿಸಿದ ಮಾತುಗಳೇ ಹೆಚ್ಚು ಚುಚ್ಚುತ್ತಿವೆ, ಅವನ್ನು ಮೊದಲು ತೆಗೆಯಿರಿ. ‘ಯಾರೂ ತಪ್ಪು ತಿಳ್ಕೋಬೇಡಿ’ ಅಂತ ಶುರು ಮಾಡಿದರೆ, ತಪ್ಪು ತಿಳಿಯುವಂಥದ್ದೇನೋ ಬರಲಿದೆ ಅಂತ ಎಲ್ಲರೂ ಸಜ್ಜಾಗುತ್ತಾರೆ. ‘ನೀವೆಲ್ಲ ಬ್ಯುಸಿ ಅಂತ ಗೊತ್ತು’ ಅನ್ನುವುದನ್ನು ನೀವು ನಿಜವಾಗಿ ಅರ್ಥ ಮಾಡಿಕೊಂಡೇ ಬರೆದಿರಬಹುದು. ಆದರೆ ಅದರ ಹಿಂದಿನ ಸಾಲಿನಲ್ಲಿ ‘ಫೋಟೋ ಹಾಕಿದ್ರೆ ಹಾರ್ಟ್ ಮಾತ್ರ ಬರುತ್ತೆ’ ಅಂತ ಇರುವಾಗ ಅದು ಕೊಂಕಾಗಿಯೇ ಕೇಳಿಸುತ್ತದೆ. ‘ದಯವಿಟ್ಟು’ ಐದು ಕಡೆ ಬಂದಿದೆ. ಒಡಹುಟ್ಟಿದವರ ಜೊತೆ ನಾವು ದಯವಿಟ್ಟು ಅಂತ ಮಾತಾಡುವುದಿಲ್ಲ. ಹಾಗೆ ಬರೆದರೆ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನ ದನಿ ಬಂದುಬಿಡುತ್ತದೆ. ಕೊನೆಯ ಮೂರು ಕೈಮುಗಿದ ಎಮೋಜಿಗಳೂ ಅದೇ ಕೆಲಸ ಮಾಡುತ್ತಿವೆ.

ಇನ್ನು ಉಳಿದ ಸಾಲುಗಳನ್ನು ಒಂದೊಂದಾಗಿ ಓದಿ, ‘ಇದನ್ನು ಓದಿದ ಅಣ್ಣ ಏನಂತ ಉತ್ತರ ಕೊಡಬಹುದು?’ ಅಂತ ಕೇಳಿಕೊಳ್ಳಿ. ‘ಎರಡು ತಿಂಗಳಲ್ಲಿ ಒಬ್ಬರಾದ್ರೂ ನಿನಗೆ ಹೇಗಾಗ್ತಿದೆ ಅಂತ ಕೇಳಿದ್ರಾ?’ ಇದಕ್ಕೆ ಅವರ ಮುಂದಿರುವುದು ಎರಡೇ ದಾರಿ, ತಪ್ಪಾಯ್ತು ಅನ್ನುವುದು ಇಲ್ಲವೇ ‘ನಾನು ಹೋದ ವಾರ ಫೋನ್ ಮಾಡಿದ್ದೆನಲ್ಲ’ ಅನ್ನುವುದು. ಹೆಂಡತಿ, ಭಾವ, ಮಕ್ಕಳೆಲ್ಲ ನೋಡುತ್ತಿರುವಾಗ ಹೆಚ್ಚಿನವರು ಎರಡನೆಯದನ್ನೇ ಹಿಡಿಯುತ್ತಾರೆ. ಅಲ್ಲಿಗೆ ಭಾನುವಾರದ ಮಾತು ಹೋಗಿ, ಯಾರು ಎಷ್ಟು ಸಲ ಫೋನ್ ಮಾಡಿದರು ಅನ್ನುವ ವಾದ ಶುರುವಾಗುತ್ತದೆ. ‘ನಿನಗೆ ಎರಡನೇ ಭಾನುವಾರ ಆಗುತ್ತಾ?’ ಅನ್ನುವುದಕ್ಕಾದರೆ ಆಗುತ್ತೆ, ಆಗಲ್ಲ, ಮೂರನೇದು ಆಗುತ್ತೆ ಅನ್ನುವ ಉತ್ತರಗಳಿವೆ. ಸಮಜಾಯಿಷಿಯನ್ನೋ ಕ್ಷಮೆಯನ್ನೋ ಬಿಟ್ಟು ಬೇರೆ ಉತ್ತರವೇ ಇಲ್ಲದ ಸಾಲುಗಳನ್ನೆಲ್ಲ ಹೊಡೆದುಹಾಕಿ. ನಿಮ್ಮ ಮೆಸೇಜಿನಲ್ಲಿ ಅಂಥವು ಒಂಬತ್ತು ಇವೆ.

ಉಳಿದದ್ದರಲ್ಲಿ ಸಣ್ಣ ಸಣ್ಣ ಕೊಕ್ಕೆಗಳಿರುತ್ತವೆ. ‘ನಾನೇ’, ‘ಒಬ್ಬರೂ’, ‘ಬಂದಾದ್ರೂ’, ‘ಕನಿಷ್ಠ’, ‘ಅಲ್ವಾ’ ಅನ್ನುವುದನ್ನು ಹುಡುಕಿ ತೆಗೆಯಿರಿ. ‘ಹೋಮ್ ನರ್ಸ್ ದುಡ್ಡೂ ನಾನೇ ಕೊಡ್ತಿದೀನಿ’ ಅನ್ನುವಾಗ ಆ ‘ಊ’, ಆ ‘ಏ’ ಎರಡೂ ಬೆರಳು ತೋರಿಸುತ್ತವೆ. ‘ಹೋಮ್ ನರ್ಸ್ ಸಂಬಳ ತಿಂಗಳಿಗೆ 18,000’ ಅಂದರೆ ವಿಷಯ ಪೂರ್ತಿ ಹೇಳಿದಂತಾಯಿತು, ಯಾರಿಗೂ ತಾಗಲಿಲ್ಲ. ಹಾಗೆಯೇ ‘ಬರಬೇಕಿತ್ತು’ ಅನ್ನುವುದು ಆಗಿಹೋದದ್ದರ ತೀರ್ಪು. ‘ಮುಂದಿನ ತಿಂಗಳಿಂದ’ ಅಂತ ಶುರುವಾದ ವಾಕ್ಯದಲ್ಲಿ ಆ ತೀರ್ಪಿಗೆ ಜಾಗವೇ ಇರುವುದಿಲ್ಲ.

‘ಎಲ್ಲರೂ’ ಅನ್ನುವುದನ್ನೂ ಬಿಡಿ. ಎಲ್ಲರಿಗೂ ಹೇಳಿದ ಕೆಲಸವನ್ನು ಒಬ್ಬರೂ ತಮ್ಮದು ಅಂದುಕೊಳ್ಳುವುದಿಲ್ಲ. ಬೈಗುಳವನ್ನು ಮಾತ್ರ ಪ್ರತಿಯೊಬ್ಬರೂ ತಮಗೇ ಅಂದುಕೊಳ್ಳುತ್ತಾರೆ. ಯಾರಿಗೆ ಯಾವ ವಾರ ಅಂತ ನೀವೇ ಒಂದು ಹಂಚಿಕೆ ಮುಂದಿಡಿ, ಬದಲಿಸಿಕೊಳ್ಳಲು ಅವಕಾಶ ಕೊಡಿ. ಹೊತ್ತನ್ನೂ ಬರೆಯಿರಿ. ‘ಒಂದು ಭಾನುವಾರ’ ಅಂದರೆ ಅಣ್ಣನಿಗೆ ಸೋಮವಾರದ ರಜೆ ಹಾಕಬೇಕಾಗುತ್ತದೇನೋ ಅನ್ನುವ ಅಳುಕು ಇರುತ್ತದೆ. ಭಾನುವಾರ ಸಂಜೆ ಆರಕ್ಕೆ ಹೋಮ್ ನರ್ಸ್ ವಾಪಸ್ ಬರುತ್ತಾರೆ ಅಂತ ಗೊತ್ತಾದರೆ, ರಾತ್ರಿಯ ಬಸ್ಸೋ ರೈಲೋ ಹಿಡಿದು ಸೋಮವಾರ ಬೆಳಿಗ್ಗೆ ಬೆಂಗಳೂರಿನಲ್ಲಿರಬಹುದು ಅಂತ ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ದುಡ್ಡಿನ ವಿಷಯವನ್ನು ಇದೇ ಮೆಸೇಜಿನಲ್ಲಿ ಸೇರಿಸಬೇಡಿ. ಎರಡು ಕೋರಿಕೆ ಒಟ್ಟಿಗಿದ್ದರೆ ಸುಲಭವಾದದ್ದಕ್ಕೆ ಉತ್ತರ ಬಂದು ಇನ್ನೊಂದು ಹಾಗೇ ಬಿದ್ದಿರುತ್ತದೆ. ದುಡ್ಡು ಹಾಕಿದವರಿಗೆ ಭಾನುವಾರದ ಪಾಲೂ ತೀರಿತು ಅನ್ನಿಸುತ್ತದೆ. ಮೊದಲು ಭಾನುವಾರ ಇತ್ಯರ್ಥವಾಗಲಿ.

ನಿಮ್ಮ ಮೆಸೇಜಿನಲ್ಲಿ ಉಳಿಸಿಕೊಳ್ಳುವಂಥದ್ದು ಎರಡಿವೆ: ಅಮ್ಮ ಈಗ ಹೇಗಿದ್ದಾರೆ ಅನ್ನುವ ವಿವರ, ಮಗಳ ಎಸ್ಸೆಸ್ಸೆಲ್ಸಿ. ಕಾರಣ ಒಂದೇ ಸಾಕು. ನಾಲ್ಕು ಕಾರಣ ಕೊಟ್ಟರೆ ಅದು ಮತ್ತೆ ದೂರಿನ ಪಟ್ಟಿಯಾಗುತ್ತದೆ. ಇಷ್ಟನ್ನೂ ಜೋಡಿಸಿದರೆ ಹೀಗಾಗುತ್ತದೆ:

‘ಅಮ್ಮ ಈಗ ವಾಕರ್ ಹಿಡಿದು ಬಾತ್‌ರೂಮಿನವರೆಗೆ ಹೋಗ್ತಾರೆ. ರಾತ್ರಿ ಏಳುವಾಗ ಮಾತ್ರ ಪಕ್ಕದಲ್ಲಿ ಒಬ್ಬರು ಬೇಕು.

ಹೋಮ್ ನರ್ಸ್‌ಗೆ ಶನಿವಾರ ಸಂಜೆ 6ರಿಂದ ಭಾನುವಾರ ಸಂಜೆ 6ರವರೆಗೆ ರಜೆ. ಪುಟ್ಟಿಗೆ ಎಸ್ಸೆಸ್ಸೆಲ್ಸಿ ಇರೋದ್ರಿಂದ ತಿಂಗಳಲ್ಲಿ ಎರಡು ಭಾನುವಾರ ನಾನು ಮನೇಲಿರಬೇಕು. ಮುಂದಿನ ತಿಂಗಳಿಂದ ಹೀಗೆ ಮಾಡೋಣ್ವಾ?

1 ಮತ್ತು 3ನೇ ಭಾನುವಾರ ನಾನು. 2ನೇದು ಅಣ್ಣ, 4ನೇದು ಅಕ್ಕ. ಶನಿವಾರ ನೀವು ಬಂದು ತಲುಪೋವರೆಗೆ ನಾನು ಅಮ್ಮನ ಜೊತೆ ಇರ್ತೀನಿ. ಐದು ಭಾನುವಾರ ಬಂದ ತಿಂಗಳು ಮುಂಚೆ ಮಾತಾಡ್ಕೊಳ್ಳೋಣ. ತಮ್ಮಾ, ಅಮ್ಮನ ತಿಂಗಳ ಮಾತ್ರೆ ಆನ್‌ಲೈನಲ್ಲಿ ತರಿಸೋದು ನೀನು ನೋಡ್ಕೊಳ್ತೀಯಾ? ಚೀಟಿ ಕಳಿಸ್ತೀನಿ.

ವಾರ ಹೊಂದದಿದ್ರೆ ಅದಲು ಬದಲು ಮಾಡ್ಕೊಳ್ಳೋಣ. ಗುರುವಾರದೊಳಗೆ ಹೇಳಿ.’

ಭಾನುವಾರದ ವಿಷಯದಲ್ಲಿ ಇದರಲ್ಲಿ ಕೇಳದೇ ಬಿಟ್ಟದ್ದು ಏನೂ ಇಲ್ಲ. ಅರ್ಧ ಭಾರ ನೀವೇ ಹೊರುತ್ತಿರುವುದು ಹಂಚಿಕೆಯಲ್ಲೇ ಕಾಣುತ್ತದೆ, ಬಾಯಿಬಿಟ್ಟು ಹೇಳಬೇಕಾಗಿಲ್ಲ. ತಮ್ಮನಿಗೆ ಕೊಟ್ಟ ಕೆಲಸವೂ ನಿಜವಾದದ್ದು, ಅಲ್ಲಿಂದಲೇ ಮಾಡಬಹುದಾದದ್ದು. ದೂರದಲ್ಲಿದ್ದಾನೆ ಅಂತ ಅವನನ್ನು ಬಿಟ್ಟರೆ ಉಳಿದವರಿಗೆ ಅದೊಂದು ಮಾತಾಗುತ್ತದೆ.

ಗ್ರೂಪಿಗೆ ಹಾಕುವ ಮೊದಲು ಅಣ್ಣನಿಗೆ ಒಂದು ಫೋನ್ ಮಾಡಿ. ದೊಡ್ಡವನು ಏನಂತಾನೆ ಅಂತ ಉಳಿದವರು ಕಾಯುವ ಮನೆಗಳೇ ಹೆಚ್ಚು. ಹೆಂಡತಿಯ ಎದುರು ಏಕಾಏಕಿ ತನ್ನ ಹೆಸರು ಕಂಡರೆ ಅವರಿಗೆ ಮುಜುಗರವಾಗುತ್ತದೆ. ‘ಅಣ್ಣ, ಭಾನುವಾರದ ವಿಷಯ ಗ್ರೂಪಲ್ಲಿ ಹಾಕ್ತಿದೀನಿ, ನಿನಗೆ ಎರಡನೇ ವಾರ ಬರೆಯಲಾ?’ ಅಂದರೆ ಸಾಕು. ಅವರು ನಾಲ್ಕನೇದು ಅಂದರೆ ಹಾಗೇ ಬರೆಯಿರಿ. ಹಾಕಿದ ಮೇಲೆ ‘ಆಯ್ತು’ ಅಂತ ಮೊದಲ ಉತ್ತರ ಅವರಿಂದಲೇ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಕಳಿಸುವ ಹೊತ್ತೂ ಮುಖ್ಯ. ಭಾನುವಾರ ರಾತ್ರಿ ಸುಸ್ತಾಗಿ ಮಲಗುವ ಮೊದಲು ಕಳಿಸಬೇಡಿ. ಆಗ ಬೆರಳು ತಾನಾಗಿ ಇನ್ನೆರಡು ಸಾಲು ಸೇರಿಸುತ್ತದೆ, ಮೆಸೇಜಿನ ಮೂಲೆಯಲ್ಲಿ 11:40 ಅಂತ ಇರುವುದೂ ಸಿಟ್ಟಿನಂತೆ ಕಾಣುತ್ತದೆ. ವಾರದ ನಡುವೆ ರಾತ್ರಿ ಎಂಟೂವರೆ ಒಳ್ಳೆಯ ಹೊತ್ತು, ಡಲ್ಲಾಸ್‌ನಲ್ಲಿ ಆಗ ಬೆಳಿಗ್ಗೆ. ಮೊದಲು ನಿಮ್ಮದೇ ನಂಬರಿಗೆ ಕಳಿಸಿಕೊಂಡು ನೋಡಿ. Read more ಬಂದರೆ ಇನ್ನೂ ಉದ್ದವಿದೆ ಅಂತ ಅರ್ಥ, ಐದನೇ ಭಾನುವಾರದ ಸಾಲನ್ನು ಮೊದಲು ಬಿಡಿ. ಗ್ರೂಪಿಗೆ ಹೋದ ಮೇಲೆ ಏನಾದರೂ ತಪ್ಪು ಕಂಡರೆ ಹದಿನೈದು ನಿಮಿಷದೊಳಗೆ ಎಡಿಟ್ ಮಾಡಬಹುದು. ಡಿಲೀಟ್ ಮಾಡಿ ಮತ್ತೆ ಹಾಕಬೇಡಿ, ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಅದರಲ್ಲಿ ಏನಿತ್ತು ಅಂತ ಅಕ್ಕ ಭಾವ ಕೂತು ಊಹಿಸುವುದು ಬೇಡ. ವಾಯ್ಸ್ ಮೆಸೇಜೂ ಬೇಡ. ಮಾತು ಎಷ್ಟೇ ಮೆತ್ತಗಿದ್ದರೂ ದನಿಯಲ್ಲಿ ಆಯಾಸ ಕೇಳಿಸುತ್ತದೆ, ಅದು ಸಿಟ್ಟಿನ ಹಾಗೇ ಇರುತ್ತದೆ.

ಗುರುವಾರ ದಾಟಿದರೂ ಅಕ್ಕನಿಂದ ಉತ್ತರವಿಲ್ಲದಿದ್ದರೆ ಗ್ರೂಪಿನಲ್ಲಿ ‘ಯಾರೂ ಮಾತಾಡ್ತಿಲ್ಲ’ ಅಂತ ಹಾಕಬೇಡಿ. ಯಾರು ಓದಿದ್ದಾರೆ ಅಂತ ನೋಡಿ ಹೆಸರು ಹೇಳುವುದಂತೂ ಬೇಡವೇ ಬೇಡ. ಅಕ್ಕನೊಬ್ಬಳಿಗೇ ‘ಅಕ್ಕಾ, ನಾಲ್ಕನೇ ವಾರ ನಿನ್ನ ಹೆಸರು ಹಾಕ್ಕೊಳ್ಳಲಾ, ಬೇರೆ ವಾರ ಬೇಕಾ?’ ಅಂತ ಕೇಳಿ. ಭಾನುವಾರ ಗಟ್ಟಿಯಾದ ಮೇಲೆ ಎರಡನೇ ಮೆಸೇಜ್: ‘ಹೋಮ್ ನರ್ಸ್ ಸಂಬಳ ತಿಂಗಳಿಗೆ 18,000, ನಾಲ್ಕು ಜನಕ್ಕೆ ತಲಾ 4,500. ಮುಂದಿನ ತಿಂಗಳಿಂದ 1ನೇ ತಾರೀಕಿಗೆ ನನಗೆ ಹಾಕ್ತೀರಾ? ನಾನು ಒಟ್ಟಿಗೆ ಅವರಿಗೆ ಕೊಡ್ತೀನಿ.’ ಈಗಾಗಲೇ ಕೊಟ್ಟ 36,000ದ ಮಾತು ಇದರಲ್ಲಿ ಬೇಡ. ಅದು ನಿಮಗೆ ವಾಪಸ್ ಬೇಕೇ ಬೇಕು ಅಂತಿದ್ದರೆ ಕೇಳುವುದು ತಪ್ಪಲ್ಲ, ಆದರೆ ಒಬ್ಬೊಬ್ಬರಿಗೂ ಫೋನಿನಲ್ಲಿ ಕೇಳಿ.

ನೀವು ಹೊಡೆದುಹಾಕಿದ ಆ ಒಂಬತ್ತು ಸಾಲು ಸುಳ್ಳಲ್ಲ. ಎರಡು ತಿಂಗಳು ಯಾರೂ ನಿಮ್ಮನ್ನು ವಿಚಾರಿಸಲಿಲ್ಲ ಅನ್ನುವ ನೋವು ನುಂಗಿಕೊಳ್ಳುವಂಥದ್ದೂ ಅಲ್ಲ. ಅದನ್ನು ಹೇಳಬೇಕಾದದ್ದು ಅಕ್ಕನ ಹತ್ತಿರ, ಅವಳು ನಾಲ್ಕನೇ ಭಾನುವಾರ ಬಂದಾಗ, ಎದುರು ಕೂತು. ಗ್ರೂಪಿನಲ್ಲಿ ಹೇಳಿದರೆ ಒಂಬತ್ತು ಜನ ಉತ್ತರ ಹುಡುಕುತ್ತಾರೆ, ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ.

ಅಣ್ಣ ‘ನನಗೆ ಬರೋಕಂತೂ ಆಗಲ್ಲ, ದುಡ್ಡು ಕೊಡ್ತೀನಿ’ ಅನ್ನಬಹುದು. ಅದನ್ನೂ ಒಪ್ಪಿಕೊಳ್ಳಿ, ಆದರೆ ಎಷ್ಟು ಅಂತ ಗೊತ್ತು ಮಾಡಿಕೊಂಡು. ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಬದಲಿ ಹೋಮ್ ನರ್ಸ್ ಎಷ್ಟು ಕೇಳುತ್ತಾರೆ ಅಂತ ಮೊದಲೇ ವಿಚಾರಿಸಿಟ್ಟುಕೊಂಡಿರಿ. ಆ ಮೊತ್ತ ಅವರ 4,500ರ ಮೇಲೆ ಬರಬೇಕು, ಎರಡನೇ ಭಾನುವಾರ ಮತ್ತೆ ನಿಮ್ಮ ಪಾಲಿಗೆ ಬರಬಾರದು.